ಎರಡನೇ ಗುರುತು

ಶಾಲಿನಿಯ ರೆಸ್ಯೂಮೆಯನ್ನು ಮಂಜಣ್ಣ ತೋಳುದ್ದ ದೂರ ಹಿಡಿದು ನೋಡಿದ. ಕನ್ನಡಕ ಹಣೆಯ ಮೇಲೇ ಇತ್ತು. ಅದನ್ನು ಕಣ್ಣಿಗೆ ಇಳಿಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ. ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದವನಿಗೆ ಯಾವ ಕಾಗದದಲ್ಲಿ ಏನಿರುತ್ತದೆ ಎಂಬುದು ಓದುವ ಮೊದಲೇ ಗೊತ್ತಾಗಿಬಿಡುತ್ತಿತ್ತು.

“ಚೆಂದಾಗೈತೆ ತಂಗಿ,” ಅಂದ. “ಒಳ್ಳೆ ಮದುವೆ ಕಾರ್ಡ್ ಇದ್ದಂಗೈತೆ. ಆದ್ರೆ ಸರ್ಕಾರಕ್ಕೆ ಇದು ಬ್ಯಾಡ.”

“ಇದ್ರಾಗೆ ಎಲ್ಲಾ ಐತಲ್ಲ ಮಂಜಣ್ಣ?”

“ನಿಂಗೆ ಹೇಳಬೇಕು ಅನ್ಸಿದ್ದೆಲ್ಲ ಐತೆ. ಅವ್ರು ಕೇಳಿದ್ದು ಒಂದೂ ಇಲ್ಲ.”

ಒಂದೂವರೆ ಪುಟದ ಆ ರೆಸ್ಯೂಮೆಯನ್ನು ಈ ವರ್ಷದ ಮೊದಲಲ್ಲಿ ಬೃಂದಾ ಮಾಡಿಕೊಟ್ಟಿದ್ದಳು. ಬೃಂದಾ ಚಿತ್ರದುರ್ಗದ ಮುಖ್ಯ ಲ್ಯಾಬಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಶಾಲಿನಿ ಅದೇ ಕಂಪನಿಯ ಹೊಸದುರ್ಗದ ಶಾಖೆಯಲ್ಲಿ ಒಬ್ಬಳೇ ತಂತ್ರಜ್ಞೆ. ಜನರ ರಕ್ತ ತೆಗೆಯುವುದು, ಸಣ್ಣಪುಟ್ಟ ಪರೀಕ್ಷೆಗಳನ್ನು ಅಲ್ಲೇ ಮಾಡುವುದು, ದೊಡ್ಡವನ್ನು ಐಸ್ ತುಂಬಿದ ಡಬ್ಬದಲ್ಲಿಟ್ಟು ಮಧ್ಯಾಹ್ನದ ಬಸ್ಸಿಗೆ ಹಾಕಿ ದುರ್ಗಕ್ಕೆ ಕಳಿಸುವುದು. ಇಬ್ಬರೂ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಮುಖ ನೋಡಿದ್ದು ಎರಡೇ ಸಲ.

ಈ ತಿಂಗಳ ಕೊನೆಗೆ ಹೊಸದುರ್ಗದ ಶಾಖೆ ಮುಚ್ಚುತ್ತದೆಂದು ಕಂಪನಿಯಿಂದ ಮೇಲ್ ಬಂದಿತ್ತು. ಅದಾದ ನಾಲ್ಕನೇ ದಿನ ಬೃಂದಾ ಒಂದು ಪ್ರಕಟಣೆಯನ್ನು ವಾಟ್ಸಾಪಿಗೆ ಕಳಿಸಿದಳು. ಜಿಲ್ಲಾ ಆರೋಗ್ಯ ಕಚೇರಿಯಿಂದ ಗುತ್ತಿಗೆ ಆಧಾರದ ಮೇಲೆ ಪ್ರಯೋಗಶಾಲಾ ತಂತ್ರಜ್ಞರ ನಾಲ್ಕು ಹುದ್ದೆ, ಅದರಲ್ಲೊಂದು ರಾಮಗಿರಿಯಲ್ಲಿ. ಹೊಳಲ್ಕೆರೆಯ ಅವಳ ಬಾಡಿಗೆ ಕೋಣೆಯಿಂದ ಅರ್ಧ ಗಂಟೆಯ ದಾರಿ. ಅರ್ಜಿಯನ್ನು ನಿಗದಿತ ನಮೂನೆಯಲ್ಲಿ, ಕನ್ನಡದಲ್ಲಿ, ಸ್ವಂತ ಕೈಬರಹದಲ್ಲಿ ತುಂಬಿ ಶುಕ್ರವಾರ ಸಂಜೆ ಐದೂವರೆಯೊಳಗೆ ಖುದ್ದಾಗಿ ಕೊಡಬೇಕು. ವಯಸ್ಸು ಅವಳ ಪ್ರವರ್ಗಕ್ಕೆ ನಲವತ್ತು ಮೀರಿರಬಾರದು. ಶಾಲಿನಿಗೆ ಬರುವ ನವೆಂಬರಿಗೆ ನಲವತ್ತು ತುಂಬುತ್ತಿತ್ತು. ಮುಂದಿನ ವರ್ಷ ಇಂಥದೇ ಪ್ರಕಟಣೆ ಬಂದರೆ ಅದು ಅವಳಿಗಲ್ಲ.

“ಕುಂತ್ಕ,” ಎಂದು ಮಂಜಣ್ಣ ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿದ. ನಮೂನೆಯ ನಾಲ್ಕು ಪುಟಗಳನ್ನು ಎರಡೆರಡು ಪ್ರತಿ ತೆಗೆದ. “ಒಂದ್ರಾಗೆ ಪೆನ್ಸಿಲ್ಲಾಗೆ ಬರಿ. ತಪ್ಪಾಗದೆಲ್ಲ ಅದ್ರಾಗೆ ಆಗ್ಲಿ. ಆಮ್ಯಾಲೆ ಇನ್ನೊಂದ್ರಾಗೆ ಪೆನ್ನು. ಬಿಳಿ ಬಣ್ಣ ಹಚ್ಚಿ ತಿದ್ದಿದ್ರೆ ಎತ್ತಿ ಆಚೆ ಇಡ್ತಾರೆ.”

ಮೊದಲ ಕಾಲಂನಲ್ಲೇ ತೊಡಕು. ರೆಸ್ಯೂಮೆಯಲ್ಲಿ ಶಾಲಿನಿ ರಂಗಯ್ಯ ಎಂದಿತ್ತು. ಬರೀ ಇನಿಷಿಯಲ್ ಇದ್ದರೆ ಬೋಳು ಬೋಳು ಕಾಣುತ್ತದೆಂದು ಬೃಂದಾ ಅಪ್ಪನ ಹೆಸರನ್ನು ಬಿಡಿಸಿ ಹಾಕಿದ್ದಳು. ನಮೂನೆ ಕೇಳಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರು. ಅಂಕಪಟ್ಟಿಯಲ್ಲಿ ಶಾಲಿನಿ ಆರ್. ಎಂದಷ್ಟೇ ಇತ್ತು.

“ಅಷ್ಟೇ ಬರಿ. ಕಂಪನಿಯಿಂದ ಬರೋ ಅನುಭವದ ಪತ್ರದಾಗೂ ಅದೇ ಇರ್ಲಿ, ಈಗ್ಲೇ ಹೇಳಿಬಿಡು. ಒಂದು ಕಾಗದದಾಗೆ ಒಂದು ಹೆಸರು, ಇನ್ನೊಂದ್ರಾಗೆ ಇನ್ನೊಂದು ಇದ್ರೆ ಅವ್ರ ಲೆಕ್ಕದಾಗೆ ನೀವು ಇಬ್ರು.”

“ಒಬ್ಳಿಗೇ ಕೆಲ್ಸ ಸಿಗದು ಕಷ್ಟ ಐತೆ,” ಎಂದಳು ಶಾಲಿನಿ. ಮಂಜಣ್ಣ ಜೋರಾಗಿ ನಕ್ಕ.

ರೆಸ್ಯೂಮೆಯ ತಲೆಯಲ್ಲೇ ಕರಿಯರ್ ಆಬ್ಜೆಕ್ಟಿವ್ ಎಂಬ ಭಾಗವಿತ್ತು. ನಾಲ್ಕು ಸಾಲು. ತನ್ನ ಕೌಶಲವನ್ನು ಸಂಸ್ಥೆಯ ಏಳಿಗೆಗೆ ಮುಡಿಪಿಡುವ ಆಸೆ, ಸದಾ ಕಲಿಯುವ ಉತ್ಸಾಹ. ಅದಕ್ಕೆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಯಾವ ಯಂತ್ರಗಳನ್ನು ನಡೆಸಬಲ್ಲಳು, ದಿನಕ್ಕೆ ಎಷ್ಟು ಮಾದರಿಗಳನ್ನು ನಿಭಾಯಿಸಬಲ್ಲಳು, ಎಳೆಗೂಸಿನ ನರವನ್ನು ಮೊದಲ ಚುಚ್ಚಿಗೇ ಹಿಡಿಯಬಲ್ಲಳು ಎಂಬುದಕ್ಕೂ ಇರಲಿಲ್ಲ. ಡಿಪ್ಲೊಮಾದ ಬಗ್ಗೆ ಬೃಂದಾ ಫಸ್ಟ್ ಕ್ಲಾಸ್ ಎಂದು ಒಂದು ಮಾತಿನಲ್ಲಿ ಮುಗಿಸಿದ್ದಳು. ಇಲ್ಲಿ ವರ್ಷವಾರು ಗರಿಷ್ಠ ಅಂಕ, ಪಡೆದ ಅಂಕ, ಶೇಕಡಾವಾರು ಬೇಕಿತ್ತು. ಪ್ಯಾರಾಮೆಡಿಕಲ್ ಬೋರ್ಡಿನ ನೋಂದಣಿ ಸಂಖ್ಯೆ ಬೇಕಿತ್ತು. ಜಾತಿ ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆ, ಅದನ್ನು ಕೊಟ್ಟ ತಾರೀಖು ಬೇಕಿತ್ತು.

“ಖಾಸಗಿಯೋರಿಗೆ ನೀನು ಏನು ಮಾಡ್ತೀಯ ಅನ್ನದು ಬೇಕು. ಇವ್ರಿಗೆ ನೀನು ಯಾರು ಅನ್ನದು ಬೇಕು,” ಎಂದ ಮಂಜಣ್ಣ, ಇನ್ನೊಬ್ಬ ಗಿರಾಕಿಯ ಆಧಾರ್ ಕಾರ್ಡನ್ನು ಗಾಜಿನ ಮೇಲೆ ಮಗುಚುತ್ತ. “ಇನ್ನೊಂದ್ ಮಾತು. ಒಂದು ಕಾಲಮ್ಮೂ ಖಾಲಿ ಬಿಡಬ್ಯಾಡ. ಇಲ್ಲದ್ದಕ್ಕೆ ‘ಅನ್ವಯಿಸುವುದಿಲ್ಲ’ ಅಂತ ಬರಿ. ಖಾಲಿ ಇದ್ರೆ ಅಪೂರ್ಣ ಅರ್ಜಿ ಅಂತ ತೆಗೆದಾಕ್ತಾರೆ.”

ಶಾಲಿನಿ ಬರೆಯುತ್ತ ಹೋದಳು. ಪತಿಯ ಹೆಸರು: ಅನ್ವಯಿಸುವುದಿಲ್ಲ. ಮಕ್ಕಳ ಸಂಖ್ಯೆ: ಅನ್ವಯಿಸುವುದಿಲ್ಲ. ವಿಧವೆಯೇ, ಮಾಜಿ ಸೈನಿಕರೇ, ಮಾಜಿ ಸೈನಿಕರ ಅವಲಂಬಿತರೇ, ಅಂಗವಿಕಲರೇ, ಯೋಜನೆಯಿಂದ ಮನೆ ಕಳೆದುಕೊಂಡವರೇ. ಐದನೇ ಸಲಕ್ಕೆ ಆ ಪದದ ಅಕ್ಷರಗಳು ಕೈಗೆ ಸಲೀಸಾದವು. ಎಂಟನೇ ಸಲಕ್ಕೆ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಹೊರಗೆ ಚಿಕ್ಕಜಾಜೂರಿನ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು.

“ಮಂಜಣ್ಣ, ಇದೇನಿದು? ದೇಹದ ಮೇಲಿನ ಗುರುತಿನ ಚಿಹ್ನೆಗಳು, ಎರಡು.”

“ಮಚ್ಚೆ, ಗಾಯದ ಗುರುತು. ಎರಡು ಬರೀಬೇಕು.”

ಒಂದಿತ್ತು. ಎಡಗೈಯ ತೋರುಬೆರಳಿನ ಮೇಲೆ, ಡಿಪ್ಲೊಮಾ ಓದುವಾಗ ಗಾಜಿನ ಸ್ಲೈಡ್ ಸೀಳಿದ ಕಲೆ. ಇನ್ನೊಂದಕ್ಕೆ ಅವಳು ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ತೋಳಿನ ಮೇಲೆ ಲಸಿಕೆ ಹಾಕಿದ್ದು ಐತೆ.”

“ಅದು ಊರಿಗೆಲ್ಲ ಐತೆ. ಬ್ಯಾರೆ ಹೇಳು.”

“ತಲೆ ಹಿಂದೆ, ಕೂದಲೊಳಗೆ ಒಂದು ಮಚ್ಚೆ ಐತೆ ಅಂತ ಅಮ್ಮ ಹೇಳೋಳು. ಎಡಕ್ಕೋ ಬಲಕ್ಕೋ ಗೊತ್ತಿಲ್ಲ.”

“ತಲೆ ಹಿಂದಿನದನ್ನೂ ಬರೀತಾರೆ. ಆದ್ರೆ ಎಡಕ್ಕೋ ಬಲಕ್ಕೋ ಸರಿಯಾಗಿ ಬರಿ. ಕೆಲ್ಸ ಆದಾಗ ಮೆಡಿಕಲ್‌ನಾಗೆ ನೋಡ್ತಾರೆ. ಮನೇಗೆ ಯಾರಿಗಾದ್ರು ತೋರ್ಸು, ಅರ್ಧ ನಿಮಿಷದ ಕೆಲ್ಸ.”

ಶಾಲಿನಿ ತಲೆಯಾಡಿಸಿದಳು. ಆ ಕಾಲಂನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದಕ್ಕೆ ಹೋದಳು.

ಕೊನೆಯ ಪುಟದಲ್ಲಿ ನಡತೆ ಪ್ರಮಾಣ ಪತ್ರಗಳು ಎರಡು. ಅಭ್ಯರ್ಥಿಯ ಸಂಬಂಧಿಗಳಲ್ಲದ, ಅವರನ್ನು ಕನಿಷ್ಠ ಮೂರು ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳು ಸಹಿ ಮಾಡಬೇಕು. ರೆಸ್ಯೂಮೆಯ ಕೊನೆಯಲ್ಲೂ ಇಂಥದೊಂದು ಸಾಲಿತ್ತು: ಕೇಳಿದರೆ ಪರಿಚಿತರ ಹೆಸರು ಕೊಡಲಾಗುವುದು ಎಂದು. ಈವರೆಗೆ ಯಾರೂ ಕೇಳಿರಲಿಲ್ಲ.

“ಒಬ್ರು ಡಾಕ್ಟರ್ ಸಿಗ್ತಾರೆ,” ಎಂದಳು ನಿಧಾನವಾಗಿ.

“ಇನ್ನೊಬ್ರು ಗೆಜೆಟೆಡ್ ಆಫೀಸರೋ ಹೆಡ್‌ಮೇಷ್ಟ್ರೋ ಇರ್ಲಿ. ರಿಟೈರ್ ಆಗಿದ್ರೂ ನಡೀತೈತೆ. ಸೀಲು ಇರಲ್ಲ ಅವ್ರ ಹತ್ರ, ಪಿಂಚಣಿ ನಂಬರ್ ಬರ್ಸು. ಯಾರೂ ಇಲ್ವಾ?”

“ನೋಡಾಣ,” ಎಂದಳು.

ಅವಳು ಎದ್ದಾಗ ಮಂಜಣ್ಣ ನಾಲ್ಕು ಪುಟದ ಇನ್ನೊಂದು ಪ್ರತಿಯನ್ನು ಸುಮ್ಮನೆ ಅವಳ ಕವರಿನೊಳಗೆ ಸೇರಿಸಿದ. “ಇರ್ಲಿ ಇಟ್ಕ. ಕೊನೇ ಗಳಿಗೇಲಿ ಕೈ ನಡುಗ್ತೈತೆ.”

ಶಾಲಿನಿಯ ಕೋಣೆ ಮಹಡಿಯ ಮೇಲಿತ್ತು. ಕೆಳಗಿನ ಮನೆಯವರು ಮಗಳ ಬಾಣಂತನಕ್ಕೆಂದು ಹಿರಿಯೂರಿಗೆ ಹೋಗಿ ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರುವಾಗ ಅವಳು ಜಡೆ ಬಿಚ್ಚಿ ಕಿಟಕಿಗೆ ಬೆನ್ನು ಮಾಡಿ ನಿಂತಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೂದಲು. ಕೂದಲನ್ನು ಎರಡು ಭಾಗ ಮಾಡಿ ಹಿಡಿಯಲು ಎರಡು ಕೈ ಬೇಕು, ಫೋನಿಗೆ ಮೂರನೆಯದು. ಹನ್ನೊಂದು ಫೋಟೋ ತೆಗೆದಳು. ಹನ್ನೊಂದರಲ್ಲೂ ಕಪ್ಪು ಕೂದಲು ಬಿಟ್ಟರೆ ಬೇರೇನೂ ಇರಲಿಲ್ಲ; ಒಂದರಲ್ಲಿ ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಚೆನ್ನಾಗಿ ಬಂದಿತ್ತು.

ಬೆರಳಿನಿಂದ ಮುಟ್ಟಿ ನೋಡಿದಳು. ದಿನವಿಡೀ ಬೇರೆಯವರ ಚರ್ಮದ ಕೆಳಗಿನ ನರವನ್ನು ಕಣ್ಣು ಮುಚ್ಚಿ ಹುಡುಕುವ ಬೆರಳು ಅದು. ತನ್ನದೇ ತಲೆಯ ಮೇಲೆ ಅದಕ್ಕೆ ಏನೂ ಸಿಗಲಿಲ್ಲ.

ಭಾನುವಾರಗಳಲ್ಲಿ ಅಮ್ಮ ಎಣ್ಣೆ ಹಚ್ಚುವಾಗ ಬೆರಳನ್ನು ಒಂದು ಜಾಗದಲ್ಲಿ ಒತ್ತಿ ಹೇಳುತ್ತಿದ್ದಳು: “ಇಲ್ಲೈತೆ ನೋಡು ನಿನ್ನ ಮಚ್ಚೆ. ಜಾತ್ರೇಲಿ ಕಳೆದೋದ್ರೆ ಇದ್ನ ನೋಡೇ ಹುಡುಕ್ತೀನಿ.” ಎಡಕ್ಕೋ ಬಲಕ್ಕೋ? ಆ ಒತ್ತು ನೆನಪಿತ್ತು. ಜಾಗ ನೆನಪಿರಲಿಲ್ಲ. ಸುಮ್ಮನೆ ಎಡಕ್ಕೆ ಎಂದು ಬರೆದುಬಿಡಬಹುದಿತ್ತು. ಆದರೆ ಕಣ್ಣಾರೆ ಕಾಣದ್ದನ್ನು ವರದಿಯಲ್ಲಿ ಬರೆಯಬಾರದೆಂದು ಕಲಿಸಿದ ಕೆಲಸ ಅವಳದು. ಹದಿನಾಲ್ಕು ವರ್ಷ ಹಾಗೆ ಬರೆದಿರಲಿಲ್ಲ.

ಹದಿನಾಲ್ಕು ವರ್ಷ. ಆ ಲೆಕ್ಕವನ್ನೂ ನಮೂನೆ ಬಿಡಿಸಿಟ್ಟಿತ್ತು. ರೆಸ್ಯೂಮೆಯಲ್ಲಿ ಹದಿನೈದು ವರ್ಷಗಳ ಅನುಭವ ಎಂದು ಒಂದೇ ಉಸಿರಿಗೆ ಇದ್ದದ್ದನ್ನು ಇಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಒಟ್ಟು ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಎಂದು ಬರೆಯಬೇಕಿತ್ತು. ದುರ್ಗದ ನರ್ಸಿಂಗ್ ಹೋಮಿನಲ್ಲಿ ಐದು ವರ್ಷ ಒಂಬತ್ತು ತಿಂಗಳು ಹದಿನಾಲ್ಕು ದಿನ. ಹೊಸದುರ್ಗದಲ್ಲಿ, ಅರ್ಜಿಯ ಕೊನೆಯ ದಿನದವರೆಗೆ, ಎಂಟು ವರ್ಷ ಮೂರು ತಿಂಗಳು ಹದಿನಾರು ದಿನ. ಎರಡರ ನಡುವೆ ಉಳಿದದ್ದು ಒಂದು ವರ್ಷ ಎರಡು ತಿಂಗಳು ಹತ್ತು ದಿನ. ಅಮ್ಮ ಹಾಸಿಗೆ ಹಿಡಿದಿದ್ದ ಕಾಲ ಅದು. ಬೃಂದಾ ಬರೀ ಇಸವಿಗಳನ್ನು ಹಾಕಿ ಆ ಸಂದನ್ನು ಮುಚ್ಚಿದ್ದಳು. “ಗ್ಯಾಪ್ ಕಂಡ್ರೆ ಎಚ್‌ಆರ್‌ನೋರು ನೂರೆಂಟು ಕೇಳ್ತಾರೆ ಕಣೇ” ಎಂದು. ಈಗ ಅದು ದಿನದ ಲೆಕ್ಕದಲ್ಲಿ ಎದುರಿಗಿತ್ತು.

ಗುರುವಾರ ಡಾಕ್ಟರ್ ಮಾರುತಿ ಬಂದರು. ವಾರಕ್ಕೊಮ್ಮೆ ಹಿರಿಯೂರಿನಿಂದ ಬಂದು ವರದಿಗಳನ್ನು ನೋಡಿ ಸಹಿ ಮಾಡಿ ಹೋಗುವವರು. ಶಾಲಿನಿ ಕಾಗದವನ್ನು ಮುಂದಿಟ್ಟಳು. ಅವರು ಓದಿ, ವೈಯಕ್ತಿಕವಾಗಿ ಬಲ್ಲೆ ಎಂಬಲ್ಲಿ ಪೆನ್ನು ನಿಲ್ಲಿಸಿದರು.

“ಆರು ವರ್ಷ ಆಯ್ತಲ್ವೇನಮ್ಮ ನಾನು ಬರೋಕೆ ಶುರು ಮಾಡಿ?”

“ಹೌದು ಸರ್.”

“ನಿಮ್ಮೂರು ಹೊಸದುರ್ಗಾನೇ ಅಲ್ವಾ?”

“ಹೊಳಲ್ಕೆರೆ ಸರ್. ದಿನಾ ಬಸ್ಸಲ್ಲಿ ಬರ್ತೀನಿ.”

ಅವರು ತಲೆಯೆತ್ತಿ ನೋಡಿದರು. “ದಿನಾ? ಏಳೂವರೆಗೇ ಬಾಗಿಲು ತೆಗೆದಿರ್ತೀರಲ್ಲ!” ಎಂದರು. ಮುಖ ಸ್ವಲ್ಪ ಕೆಂಪಾಯಿತು. ಸಹಿ ಹಾಕಿ, ನೋಂದಣಿ ಸಂಖ್ಯೆ ಬರೆದು, ಚೀಲದ ತಳದಿಂದ ಸೀಲು ಹುಡುಕಿ ಒತ್ತಿದರು. ಹೊರಡುವಾಗ ಬಾಗಿಲ ಬಳಿ ಒಮ್ಮೆ ನಿಂತು, ಏನೋ ಹೇಳಲು ಹೊರಟವರು “ಆಲ್ ದಿ ಬೆಸ್ಟ್ ಶಾಲಿನಿ” ಎಂದಷ್ಟೇ ಹೇಳಿ ಹೋದರು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದನ್ನು ಅವರು ಈಗತಾನೇ ಅರ್ಜಿಯಲ್ಲಿ ಓದಿದ್ದರೆಂಬುದು ಶಾಲಿನಿಗೂ ಗೊತ್ತಿತ್ತು. ಆದರೂ ಕಿವಿಗೆ ಹಿತವಾಯಿತು.

ಇನ್ನೊಬ್ಬರು ಯಾರು? ಆ ಸಂಜೆ ಬಸ್ಸಿನಲ್ಲಿ ಅವಳು ಹೆಸರುಗಳನ್ನು ನೆನೆದಳು. ಐಸ್ ಡಬ್ಬವನ್ನು ದಿನಾ ಒಯ್ಯುವ ಬಸ್ಸಿನ ಕಂಡಕ್ಟರ್ ಬಸವೇಶ್ ಬಲ್ಲ. ಅವನಿಗೆ ಸೀಲೂ ಇಲ್ಲ, ಪಿಂಚಣಿಯೂ ಇಲ್ಲ. ಅವಳಿಗೆ ಊರಿನ ಅರ್ಧ ಜನರ ತೋಳುಗಳು ಗೊತ್ತಿದ್ದವು. ಯಾರ ನರ ಬಲಗೈಯಲ್ಲಿ ಸಿಗುತ್ತದೆ, ಯಾರಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ, ಯಾರ ಸಕ್ಕರೆ ಹಬ್ಬದ ಮರುವಾರ ಏರುತ್ತದೆ. ಅವರೆಲ್ಲ ಮುಖವನ್ನು ಆಚೆ ತಿರುಗಿಸಿ ಕೂರುತ್ತಿದ್ದರು. ಸೂಜಿ ಹಿಡಿದವಳ ಮುಖವನ್ನು ಯಾರು ನೋಡಿಯಾರು?

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಉಚ್ಚಂಗಮ್ಮ ಬಂದರು. ಹೊಸದುರ್ಗದ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಎಪ್ಪತ್ತೆರಡು ವರ್ಷ. ಪ್ರತಿ ತಿಂಗಳ ಎರಡನೇ ಶುಕ್ರವಾರ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಮನೆಗೆ ಹೋಗಿ ತಿಂಡಿ ತಿಂದು, ಎರಡು ಗಂಟೆ ಕಳೆದು ಮತ್ತೆ ಬರುವುದು ಅವರ ಕ್ರಮ. ಅವರು ಬರುತ್ತಾರೆಂದು ಶಾಲಿನಿಗೆ ಗೊತ್ತಿತ್ತು. ಅವರನ್ನೇ ಕೇಳಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದಳು. ಅವರು ಕುರ್ಚಿಯಲ್ಲಿ ಕೂತು ತೋಳು ಚಾಚಿದಾಗ ಕೇಳುವುದು ಬಿಟ್ಟು ರಬ್ಬರ್ ಪಟ್ಟಿ ಬಿಗಿದಳು. ವೈಯಕ್ತಿಕವಾಗಿ ಬಲ್ಲೆ ಎಂದು ಬರೆಯಿರಿ ಎಂದು ಹೇಗೆ ಕೇಳುವುದು? ಈವರೆಗೆ ಅವರ ಮನೆಯ ಬಾಗಿಲನ್ನೂ ತಾನು ನೋಡಿಲ್ಲ.

“ಅಲ್ಲಾಡ್ಬೇಡಿ ಟೀಚರಮ್ಮ. ಆಯ್ತು, ಆಯ್ತು,” ಎಂದು ಎಂದಿನಂತೆ ಹೇಳಿ ಸೂಜಿ ತೆಗೆದು ಹತ್ತಿ ಒತ್ತಿದಳು.

“ಏನದು?” ಎಂದರು ಉಚ್ಚಂಗಮ್ಮ. ಅವರ ಕಣ್ಣು ಮೇಜಿನ ಮೇಲಿದ್ದ ಅರ್ಜಿಯ ಮೇಲಿತ್ತು. ಅದು ಅವರಿಗೆ ತಲೆಕೆಳಗಾಗಿತ್ತು. ಮೂವತ್ತಾರು ವರ್ಷ ಮಕ್ಕಳ ಡೆಸ್ಕಿನ ಎದುರು ನಿಂತವರಿಗೆ ಅದೇನು ದೊಡ್ಡದು? “ಸಂಬಂಧಿಗಳಲ್ಲದ ಇಬ್ಬರು... ಒಬ್ರದು ಆಗೈತೆ. ಇನ್ನೊಬ್ರು?”

“ಯಾರೂ ಸಿಕ್ಕಿಲ್ಲ.”

“ಇವತ್ತೇ ಕೊನೇ ದಿನ ಅಂತ ಬರ್ದೈತಲ್ಲೇ!”

“ಹೌದು.”

ಉಚ್ಚಂಗಮ್ಮ ಹತ್ತಿಯನ್ನು ತಾವೇ ಒತ್ತಿಕೊಂಡು ಎದ್ದರು. “ಪಿಂಚಣಿ ಪುಸ್ತಕ ತಗಂಬರ್ತೀನಿ. ಹತ್ತು ಗಂಟಿಗೆ ಹೆಂಗೂ ಬರದೈತೆ.” ಬಾಗಿಲವರೆಗೆ ಹೋಗಿ ತಿರುಗಿದರು. “ಕೇಳಾಕೆ ಬಾಯಿಲ್ವ ನಿಂಗೆ? ನನ್ ಕ್ಲಾಸಿನಾಗೆ ಇದ್ದಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ.”

ಹತ್ತಕ್ಕೆ ಸರಿಯಾಗಿ ಬಂದರು. ಕೈಯಲ್ಲಿ ಪಿಂಚಣಿ ಪುಸ್ತಕ, ಆಧಾರಿನ ಪ್ರತಿ, ಮಸಿ ತುಂಬಿದ ಪೆನ್ನು. ಎರಡನೇ ಸಲದ ರಕ್ತ ಕೊಟ್ಟ ಮೇಲೆ ಕನ್ನಡಕ ಒರೆಸಿಕೊಂಡು ಪ್ರಮಾಣ ಪತ್ರವನ್ನು ಗಟ್ಟಿಯಾಗಿ ಓದಿದರು. “ಇವರನ್ನು ನಾನು ಇಷ್ಟು ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲೆ. ನನಗೆ ತಿಳಿದಂತೆ ಇವರ ನಡತೆ ಉತ್ತಮವಾಗಿದೆ. ಇವರು ನನ್ನ ಸಂಬಂಧಿಯಲ್ಲ. ಇಷ್ಟೇನಾ?”

“ಇಷ್ಟೇ.”

“ಕೊರೋನಾ ಬಂದಾಗ ಬೀದೀಗೆ ಒಂದು ನಾಯಿ ಇರ್ಲಿಲ್ಲ, ನೀನು ಬಾಗ್ಲು ತೆಗೆದು ಕುಂತಿದ್ದೆ. ಅದ್ನ ಎಲ್ಲಿ ಬರೀಲಿ?”

“ಬರೆಯೋ ಹಂಗಿಲ್ಲ ಟೀಚರಮ್ಮ. ಅಚ್ಚಾಗಿರೋದು ಬಿಟ್ಟು ಬೇರೆ ಬರೆದ್ರೆ ವಾಪಸ್ ಕೊಡ್ತಾರೆ.”

“ಸೂಜಿ ಚುಚ್ಚೋ ಮೊದ್ಲು ಕೈ ಉಜ್ಜಿ ಬೆಚ್ಚಗೆ ಮಾಡ್ಕಂತೀಯ. ಅದು?”

ಶಾಲಿನಿ ತನ್ನ ಕೈ ನೋಡಿಕೊಂಡಳು. ಹಾಗೆ ಮಾಡುವುದು ಅವಳಿಗೇ ತಿಳಿದಿರಲಿಲ್ಲ.

“ಮಧ್ಯಾಹ್ನ ಗೋಡೆ ಕಡೆ ಮುಖ ಮಾಡಿ ಉಣ್ತೀಯ. ಅದ್ನೂ ನೋಡೀನಿ. ಆಚೆ ಬೀದೀಲಿ ತರಕಾರಿ ತರಾಕೆ ಹೋಗ್ವಾಗ ಕಾಣ್ತದೆ,” ಎನ್ನುತ್ತ ಉಚ್ಚಂಗಮ್ಮ ಎಂಟು ಎಂದು ಬರೆದು, ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿ, ಪಿಂಚಣಿ ಸಂಖ್ಯೆಯನ್ನು ಪುಸ್ತಕ ನೋಡಿ ಒಂದೊಂದೇ ಅಂಕಿಯಾಗಿ ಇಳಿಸಿದರು. ಇವರು ನನ್ನ ಸಂಬಂಧಿಯಲ್ಲ ಎಂಬ ಸಾಲಿನ ಮೇಲೆ ಅವರ ಪೆನ್ನಿನ ನೆರಳು ಒಂದು ಗಳಿಗೆ ನಿಂತು ಸರಿಯಿತು.

ಆಮೇಲೆ ಅಭ್ಯಾಸಬಲದಿಂದ ಇಡೀ ಅರ್ಜಿಯನ್ನು ತಿರುವಿದರು. ಎರಡನೇ ಪುಟದಲ್ಲಿ ಬೆರಳು ನಿಂತಿತು.

“ಇದೇನು, ಖಾಲಿ ಬಿಟ್ಟೀಯ?”

ಶಾಲಿನಿ ಹೇಳಿದಳು. ಅಮ್ಮ ಹೇಳುತ್ತಿದ್ದದ್ದು, ಫೋಟೋಗಳು, ಎಡವೋ ಬಲವೋ ಎಂಬ ಅನುಮಾನ. ಹೇಳುತ್ತ ಹೇಳುತ್ತ ಅದು ತಮಾಷೆಯಂತೆ ಕೇಳಲೆಂದು ನಗಲು ನೋಡಿದಳು. ಉಚ್ಚಂಗಮ್ಮ ನಗಲಿಲ್ಲ.

“ಕುಂತ್ಕ,” ಎಂದರು.

ಅಲ್ಲಿದ್ದದ್ದು ಒಂದೇ ಕುರ್ಚಿ, ರಕ್ತ ಕೊಡುವವರದು. ಎಂಟು ವರ್ಷ ಮೂರು ತಿಂಗಳು ಹದಿನಾರು ದಿನದಲ್ಲಿ ಶಾಲಿನಿ ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕೂತಾಗ ಬೀದಿ ಬೇರೆ ಕೋನದಲ್ಲಿ ಕಂಡಿತು. ಉಚ್ಚಂಗಮ್ಮ ಅವಳ ಜಡೆ ಬಿಚ್ಚಿ, ಹಣಿಗೆಯಿಲ್ಲದೆ ಬೆರಳುಗಳಿಂದಲೇ ಕೂದಲನ್ನು ಬಿಡಿಸುತ್ತ ಬಂದರು. ಅವರ ಬೆರಳಿಗೆ ಮಸಿಯ ವಾಸನೆಯಿತ್ತು. ತಲೆಯ ಮೇಲೆ ಇನ್ನೊಬ್ಬರ ಕೈ ಬಿದ್ದು ಎಷ್ಟು ಕಾಲವಾಯಿತೆಂಬುದಕ್ಕೆ ಲೆಕ್ಕ ಬೇಕಿದ್ದರೆ ಅದೂ ವರ್ಷ, ತಿಂಗಳು, ದಿನಗಳಲ್ಲಿ ಸಿಗುತ್ತಿತ್ತು. ಶಾಲಿನಿಯ ಹೆಗಲು ಬಿಗಿಯಿತು.

“ಅಲ್ಲಾಡ್ಬೇಡ. ಆಯ್ತು, ಆಯ್ತು,” ಎಂದರು ಉಚ್ಚಂಗಮ್ಮ.

ಎಡಗಡೆ ಇಲ್ಲ. ನಡುವೆ ಇಲ್ಲ. ಬಲಗಡೆ ಕೂದಲನ್ನು ಒಂದೊಂದು ಎಳೆಯಾಗಿ ಸರಿಸಿದರು. ಹೊರಗೆ ಯಾರೋ ಬಂದು ಬಾಗಿಲಲ್ಲಿ ನಿಂತರು. ಉಚ್ಚಂಗಮ್ಮ “ಎರಡು ನಿಮಿಷ ನಿಲ್ಲಪ್ಪ, ಪರೀಕ್ಷೆ ನಡೀತೈತೆ” ಎಂದು ಗದರಿಸಿದರು.

“ಐತೆ!” ಎಂದರು ಆಮೇಲೆ. ಬೆರಳನ್ನು ಒಂದು ಜಾಗದಲ್ಲಿ ಒತ್ತಿದರು. “ಬಲಗಿವಿಯಿಂದ ಮೂರು ಬೆರಳು ಹಿಂದೆ. ಎಳ್ಳುಕಾಳಿನಷ್ಟು. ಕರಿ ಮಚ್ಚೆ. ಮೂರ್ನಾಲ್ಕು ಬೆಳ್ಳನೆ ಕೂದ್ಲೂ ಅವೆ ಸುತ್ತ, ಅದ್ನ ಬರೀಬೇಡ.”

ಆ ಬಿಳಿ ಕೂದಲುಗಳೂ ಶಾಲಿನಿಗೆ ಹೊಸ ಸುದ್ದಿಯೇ. ಉಚ್ಚಂಗಮ್ಮ ಹಿಂದೆಯೇ ನಿಂತು, ಕೇಳದೆಯೇ, ಕೂದಲನ್ನು ಮೂರು ಕಾಲು ಮಾಡಿ ಜಡೆ ಹೆಣೆದರು. ಶಾಲೆಯ ಹುಡುಗಿಯರಿಗೆ ಹೆಣೆಯುವ ಹಾಗೆ, ಹುಬ್ಬು ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ.

“ಇವತ್ತು ಮುಚ್ಚಿದ ಮ್ಯಾಲೆ ಹೋಗು, ಬಸ್ ತಪ್ಪಿಸ್ಕಬೇಡ,” ಎಂದು ಹೇಳಿ ಹೊರಟರು. ಮೆಟ್ಟಿಲಿಳಿಯುವಾಗ, “ಮುಂದಿನ ತಿಂಗ್ಳು ನನ್ ರಕ್ತ ಯಾರು ತೆಗೀತಾರೋ,” ಎಂದದ್ದು ತಮಗೇ ಎಂಬಂತಿತ್ತು.

ಶಾಲಿನಿ ಮಸಿ ಪೆನ್ನಿನಲ್ಲಿ ಬರೆದಳು: ೧. ಎಡಗೈ ತೋರುಬೆರಳಿನ ಮೇಲೆ ಗಾಯದ ಕಲೆ. ೨. ತಲೆಯ ಹಿಂಭಾಗದಲ್ಲಿ ಬಲಕ್ಕೆ ಕಪ್ಪು ಮಚ್ಚೆ. ಕೈ ನಡುಗಲಿಲ್ಲ. ಮಂಜಣ್ಣ ಕೊಟ್ಟ ಹೆಚ್ಚಿನ ಪ್ರತಿ ಕವರಿನಲ್ಲೇ ಉಳಿಯಿತು.

ಮಧ್ಯಾಹ್ನ ಐಸ್ ಡಬ್ಬವನ್ನು ಬಸ್ಸಿಗೆ ಕೊಡುವ ಬದಲು ಅದರ ಜೊತೆಗೇ ತಾನೂ ಹತ್ತಿದಳು. ಬಸವೇಶ್ ಡಬ್ಬವನ್ನೂ ಅವಳನ್ನೂ ನೋಡಿ, “ಏನ್ ಮೇಡಂ, ಇವತ್ತು ನೀವೂ ಪಾರ್ಸಲ್ಲಾ?” ಎಂದು ಕಿಟಕಿಯ ಸೀಟು ಬಿಡಿಸಿಕೊಟ್ಟ. ದುರ್ಗದಲ್ಲಿ ಡಬ್ಬವನ್ನು ಬೃಂದಾಳ ಕೈಗಿಟ್ಟು, ಕಂಪನಿಯ ಅನುಭವ ಪತ್ರವನ್ನು ಈಸಿಕೊಂಡಳು. ಬೃಂದಾ ಅದನ್ನು ಬೆಳಿಗ್ಗೆಯೇ ಮೇಲಿನವರ ಬೆನ್ನು ಹತ್ತಿ ಸಹಿ ಮಾಡಿಸಿ, ಎರಡು ಪ್ರತಿ ತೆಗೆಸಿ, ಮಡಚದ ಹಾಗೆ ರಟ್ಟಿನೊಳಗೆ ಇಟ್ಟಿದ್ದಳು. ಶಾಲಿನಿ ಆರ್. ಹೆಸರು ಸರಿಯಾಗಿತ್ತು. ಇದು ಅವರಿಬ್ಬರ ಮೂರನೇ ಭೇಟಿ. ಮಾತಾಡಲು ಹೊತ್ತಿರಲಿಲ್ಲ.

ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ನಾಲ್ಕೂವರೆಗೆ ಅವಳ ಮುಂದೆ ಹದಿನೇಳು ಜನ. ಹೆಚ್ಚಿನವರು ಇಪ್ಪತ್ತೈದರ ಒಳಗಿನವರು. ಒಬ್ಬೊಬ್ಬರ ಜೊತೆಗೂ ಅಪ್ಪನೋ ಅಣ್ಣನೋ ಗೆಳತಿಯೋ ನಿಂತು ಕಾಗದ ಹಿಡಿದುಕೊಂಡಿದ್ದರು. ಶಾಲಿನಿ ತನ್ನ ಕಾಗದಗಳನ್ನು ತಾನೇ ಹಿಡಿದುಕೊಂಡಿದ್ದಳು. ಕಿಟಕಿಯ ಹಿಂದೆ ದುರ್ಗೇಶ್ ಎಂಬ ಹೆಸರಿನ ಪಟ್ಟಿ ತೊಟ್ಟ ಗುಮಾಸ್ತ ಪ್ರತಿ ಕಾಲಂನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಟಿಕ್ ಹಾಕುತ್ತ ಬರುತ್ತಿದ್ದ. ಅವಳ ಮುಂದಿದ್ದ ಹುಡುಗಿಯ ಅರ್ಜಿಯಲ್ಲಿ ಎರಡು ಕಾಲಂ ಖಾಲಿಯಿದ್ದು, ಅವಳು ಗೋಡೆಗೆ ಒರಗಿ ತುಂಬತೊಡಗಿದಳು.

ಹೆಸರು, ಹುಟ್ಟಿದ ತಾರೀಖು, ಆರ್‌ಡಿ ಸಂಖ್ಯೆ. ಟಿಕ್, ಟಿಕ್. ಅನುಭವದ ಕಾಲಂ ಬಂದಾಗ ದುರ್ಗೇಶ್ ತಾರೀಖುಗಳನ್ನು ಪ್ರಮಾಣ ಪತ್ರಗಳ ಜೊತೆ ತಾಳೆ ನೋಡಿ ನಿಂತ.

“ಮಧ್ಯ ಒಂದು ವರ್ಷ ಚಿಲ್ಲರೆ ಎಲ್ಲಿದ್ರಿ?”

“ಮನೇಲಿ. ಅಮ್ಮನ್ನ ನೋಡ್ಕೊಂತಿದ್ದೆ.”

ಅವನು ಪೆನ್ಸಿಲ್ ತುದಿಯಿಂದ ಕಿವಿಯ ಹಿಂದೆ ತುರಿಸಿಕೊಂಡ. “ಅದ್ಕೆ ಕಾಲಂ ಇಲ್ಲ ಬಿಡ್ರಿ,” ಎಂದ. ಆಮೇಲೆ, ದನಿ ತಗ್ಗಿಸಿ, “ಈಗ ಹೆಂಗವ್ರೆ?” ಎಂದು ಕೇಳಿದ.

“ಇಲ್ಲ.”

ಅವನ ಪೆನ್ಸಿಲ್ ಮುಂದಿನ ಕಾಲಂಗೆ ಹೋಯಿತು. ಗುರುತಿನ ಚಿಹ್ನೆಗಳ ಮುಂದೆ ಓದದೆಯೇ ಎರಡು ಟಿಕ್ ಬಿದ್ದವು. ನಡತೆ ಪ್ರಮಾಣ ಪತ್ರಗಳನ್ನು ತಿರುವಿದ. ಉಚ್ಚಂಗಮ್ಮನ ಅಕ್ಷರವನ್ನು ನೋಡಿ, “ಯಾರೋ ಹಳೇ ಮೇಷ್ಟ್ರು,” ಎಂದ. ಕೊನೆಯಲ್ಲಿ ಅವಳು ಇರಲೆಂದು ಸೇರಿಸಿದ್ದ ರೆಸ್ಯೂಮೆ ಇತ್ತು. ಅದರ ಪಿನ್ನು ತೆಗೆದು ಕಿಟಕಿಯಿಂದ ಹೊರಗೆ ಚಾಚಿದ. “ಇದು ಬ್ಯಾಡ. ನಿಮ್ಹತ್ರನೇ ಇರ್ಲಿ.”

ಸ್ವೀಕೃತಿ ಚೀಟಿಯ ಮೇಲೆ ಸೀಲು ಬಿತ್ತು. ಕ್ರಮಸಂಖ್ಯೆ ಇನ್ನೂರ ಹನ್ನೆರಡು, ಹುದ್ದೆ ನಾಲ್ಕು. ತಾತ್ಕಾಲಿಕ ಪಟ್ಟಿ ಮೂರು ವಾರದ ಮೇಲೆ ವೆಬ್‌ಸೈಟಿನಲ್ಲಿ ಎಂದು ಹೇಳಿ ಅವನು ಹಿಂದಿನವರನ್ನು ಕರೆದ. ಐದೂವರೆಗೆ ಹತ್ತು ನಿಮಿಷ ಇತ್ತು.

ಹೊಳಲ್ಕೆರೆಯ ಬಸ್ಸಿನಲ್ಲಿ ಅವಳು ರೆಸ್ಯೂಮೆಯನ್ನು ಬಿಡಿಸಿ ಓದಿದಳು. ನೀಲಿ ಗೆರೆ, ದಪ್ಪ ಅಕ್ಷರ, ಸದಾ ಕಲಿಯುವ ಉತ್ಸಾಹ. ಕೇಳಿದರೆ ಪರಿಚಿತರ ಹೆಸರು ಕೊಡಲಾಗುವುದು. ಅದನ್ನು ನಾಲ್ಕಾಗಿ ಮಡಚಿ ಚೀಲದೊಳಗಿಟ್ಟಳು. ಪಕ್ಕದ ಸೀಟು ದುರ್ಗದಿಂದ ಹೊಳಲ್ಕೆರೆಯವರೆಗೆ ಖಾಲಿಯಿತ್ತು.

ಮಂಜಣ್ಣನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಅವಳು ಚೀಟಿಯನ್ನು ಎತ್ತಿ ತೋರಿಸಿದಳು. ಅವನು ಒಳಗಿನಿಂದಲೇ ಕೈಯೆತ್ತಿದ. ಕೋಣೆಯ ಬೀಗ ತೆಗೆದು ದೀಪ ಹಾಕಿ, ಚೀಟಿಯನ್ನು ಅಮ್ಮನ ಫೋಟೋದ ಹಿಂದೆ ಸಿಕ್ಕಿಸಿದಳು. ಮನೆಗೆ ಬಂದೊಡನೆ ಮೊದಲು ಜಡೆ ಬಿಚ್ಚುವುದು ಅವಳ ದಿನದ ರೂಢಿ. ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಬಲಗಿವಿಯಿಂದ ಮೂರು ಬೆರಳು ಅಳೆದು ಒತ್ತಿ ನೋಡಿದಳು. ಬೆರಳಿಗೆ ಈಗಲೂ ಏನೂ ಸಿಗಲಿಲ್ಲ. ಜಡೆ ಇನ್ನೂ ಬೆಳಗಿನಷ್ಟೇ ಬಿಗಿಯಾಗಿದ್ದು ತಲೆ ಸಣ್ಣಗೆ ನೋಯುತ್ತಿತ್ತು.

ಅದನ್ನು ಬಿಚ್ಚದೆಯೇ ಅವಳು ಅಕ್ಕಿ ತೊಳೆಯಲು ಎದ್ದಳು.